ಒಬ್ರು ನಾಲ್ಕು ಅಂದ್ರು, ಇನ್ನೊಬ್ರು ಎರಡು ಅಂದ್ರು, ಸಮರಿಲಿ ಯಾವುದು ಬರೀಬೇಕು?

ಪ್ರಶ್ನೆ: "ಸಾರ್, ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನ ಟ್ರಾನ್ಸ್‌ಕ್ರಿಪ್ಟ್ ನೋಡ್ಕೊಂಡು ಒಂದು ಪುಟದ ಸಮರಿ ಬರೀಬೇಕು. ಒಂದೇ ವಿಷಯಕ್ಕೆ ಒಬ್ಬೊಬ್ರು ಒಂದೊಂದು ಹೇಳಿದಾರೆ. ಕೊನೆಗೆ ಹೇಳಿದ್ದನ್ನೇ ಫೈನಲ್ ಅಂತ ತಗೋಬಹುದು ಅಲ್ವಾ?"

ತಗೋಬಾರದು. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ನಂಗೇ ಲೆಕ್ಕ ತಪ್ಪಿದೆ, ಆದ್ರೂ ಪ್ರತಿ ಸಲ ಪ್ರಶ್ನೆಯ ಬಾಲದಲ್ಲಿ ಆ "ಕೊನೆಗೆ ಹೇಳಿದ್ದೇ ಫೈನಲ್" ಅನ್ನೋದು ಅಂಟ್ಕೊಂಡೇ ಬರುತ್ತೆ. ಹಾಗಾಗಿ ಈ ಸಲ ಅದನ್ನೇ ಹಿಡ್ಕೊಂಡು ಕೂತಿದೀನಿ, ಉದ್ದ ಆದ್ರೆ ಕಾಫಿ ಮಾಡ್ಕೊಂಡು ಬನ್ನಿ.

ಹೊರಮಾವು ಕಡೆಯ ಒಂದು ಅಪಾರ್ಟ್‌ಮೆಂಟಿಂದ ಒಬ್ರು ಮೇಡಂ ನಂಗೆ ಟ್ರಾನ್ಸ್‌ಕ್ರಿಪ್ಟು ಮತ್ತೆ ಅವರೇ ಬರೆದ ಸಮರಿ ಎರಡೂ ಕಳಿಸಿದ್ರು, ಗ್ರೂಪಲ್ಲಿ ಜಗಳ ಆಗಿ ಮೂರು ದಿನ ಆದಮೇಲೆ. ಭಾನುವಾರದ ಮೀಟಿಂಗು, 52 ನಿಮಿಷ. ನೀರಿನ ವಿಷಯ, ಇನ್ನೇನಿರುತ್ತೆ. 6ನೇ ನಿಮಿಷದಲ್ಲಿ ಸೆಕ್ರೆಟರಿ "ದಿನಕ್ಕೆ ನಾಲ್ಕು ಲೋಡ್ ತರಿಸ್ತಿದೀವಿ" ಅಂತಾರೆ. 21ನೇ ನಿಮಿಷದಲ್ಲಿ ಟ್ರೆಷರರ್ "ಬಿಲ್ಲಲ್ಲಿ ದಿನಕ್ಕೆ ಎರಡೇ ಲೋಡ್ ಇರೋದು" ಅಂತಾರೆ. 49ನೇ ನಿಮಿಷದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ "ದಿನಾ ಮೂರು ಗಾಡಿ ಬರುತ್ತೆ ಸಾರ್" ಅಂತಾನೆ. ಆಮೇಲೆ ಟ್ಯಾಂಕರ್ ಬಗ್ಗೆ ಯಾರೂ ಮಾತೇ ಆಡಿಲ್ಲ. ಮೇಡಂ ಬರೆದಿದ್ದು: "ದಿನಕ್ಕೆ ಮೂರು ಟ್ಯಾಂಕರ್ ನೀರು ಬರುತ್ತಿದೆ." ಕೊನೆಗೆ ಹೇಳಿದ್ದು ಮೂರು, ನಾಲ್ಕು ಎರಡರ ಸರಾಸರಿನೂ ಮೂರೇ, ಅವರಿಗೆ ಡಬಲ್ ಧೈರ್ಯ.

ಗ್ರೂಪಲ್ಲಿ ಏನಾಯ್ತು ಅಂದ್ರೆ, ಬಿಲ್ ಎರಡಕ್ಕಿದ್ದು ಗಾಡಿ ಮೂರು ಬಂದ್ರೆ ಇನ್ನೊಂದಕ್ಕೆ ದುಡ್ಡು ಯಾರು ಕೊಡ್ತಿದಾರೆ ಅಂತ ಒಬ್ರು, ಸೆಕ್ರೆಟರಿ ನಾಲ್ಕು ಅಂದಿದ್ದು ನಾನೇ ಕೇಳಿದೀನಿ ಆ ನಾಲ್ಕನೇದು ಯಾರ ಮನೆಗೆ ಹೋಯ್ತು ಅಂತ ಇನ್ನೊಬ್ರು. ಪಾಪ ಟ್ರೆಷರರ್ ರಿಸೈನ್ ಮಾಡ್ತೀನಿ ಅಂತ ಕೂತಿದ್ರು.

ಈಗ ನೋಡಿ. ಅಲ್ಲಿಗೆ ಬೆಳಗ್ಗೆ ಬರೋದು 12 ಸಾವಿರ ಲೀಟರಿನ ದೊಡ್ಡ ಲಾರಿ ಒಂದು, ಮಧ್ಯಾಹ್ನದ ಮೇಲೆ ಬರೋದು 6 ಸಾವಿರದ ಚಿಕ್ಕವು ಎರಡು. ಒಟ್ಟು 24 ಸಾವಿರ ಲೀಟರು. ಸೂಪರ್‌ವೈಸರ್ ಗೇಟಲ್ಲಿ ನಿಂತು ಗಾಡಿ ಎಣಿಸ್ತಾನೆ, ಅವನಿಗೆ ಮೂರು. ಟ್ಯಾಂಕರಿನವನು ಬಿಲ್ ಬರೆಯುವಾಗ 12 ಸಾವಿರಕ್ಕೆ ಒಂದು ಲೋಡ್ ಅಂತ ಹಾಕ್ತಾನೆ, ಚಿಕ್ಕವೆರಡೂ ಸೇರಿ ಒಂದು, ಹಾಗಾಗಿ ಟ್ರೆಷರರಿಗೆ ಎರಡು. ಸೆಕ್ರೆಟರಿ ಮಾತ್ರ ಮೊದಲು ಚಿಕ್ಕ ಗಾಡಿ ಅಷ್ಟೇ ಬರ್ತಿದ್ದ ಕಾಲದ ಲೆಕ್ಕದಲ್ಲೇ ಇದಾರೆ, ಅವರಿಗೆ ಲೋಡ್ ಅಂದ್ರೆ 6 ಸಾವಿರ, ಸೋ ನಾಲ್ಕು. ಮೂರೂ ಜನ ಹೇಳಿದ್ದು ಸರಿ! ತಪ್ಪಾಗಿದ್ದು ಸಮರಿ ಒಂದೇ, ಯಾಕಂದ್ರೆ ಅದರಲ್ಲಿ "ಮೂರು ಟ್ಯಾಂಕರ್" ಅಂತ ಓದಿದೋರಲ್ಲಿ ಒಬ್ಬ 18 ಸಾವಿರ ಅಂದ್ಕೊಂಡ, ಇನ್ನೊಬ್ಬ 36 ಸಾವಿರ ಅಂದ್ಕೊಂಡ, 24 ಸಾವಿರ ಅಂತ ಒಬ್ಬನಿಗೂ ಹೊಳೀಲಿಲ್ಲ. ಲೋಡ್ ಅನ್ನೋದು ಒಂದು ಅಳತೆ ಅಲ್ಲ ಅಂತ ಬೆಂಗಳೂರಲ್ಲಿ ಇರೋರಿಗೆ ಬೇರೆ ಹೇಳ್ಬೇಕಾ, 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್ ರೇಟ್ ಫಿಕ್ಸ್ ಮಾಡ್ದಾಗ್ಲೇ 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600, 8 ಸಾವಿರಕ್ಕೆ 700, 12 ಸಾವಿರಕ್ಕೆ 1000 ರೂಪಾಯಿ ಅಂತ ಬೇರೆ ಬೇರೆ ಮಾಡಿತ್ತಲ್ಲ.

"ಅದೆಲ್ಲ ನಂಗೆ ಹೇಗೆ ಗೊತ್ತಾಗ್ಬೇಕು ಸಾರ್, ನಾನೇನು ಗೇಟಲ್ಲಿ ನಿಂತಿದ್ನಾ" ಅಂದ್ರು ಮೇಡಂ. ನಿಲ್ಲೋದು ಬೇಡಮ್ಮ, ಟ್ರಾನ್ಸ್‌ಕ್ರಿಪ್ಟ್ ಪೂರ್ತಿ ಓದಿದ್ರೆ ಸಾಕು. ಇಬ್ರು ಲೋಡ್ ಅಂತಿದಾರೆ, ಮೂರನೆಯವನು ಗಾಡಿ ಅಂತಿದಾನೆ, ಅಲ್ಲೇ ಒಂದು ಅನುಮಾನ ಬರ್ಬೇಕು. 33ನೇ ನಿಮಿಷದಲ್ಲಿ ಪಾರ್ಕಿಂಗ್ ಗಲಾಟೆ ಮಧ್ಯೆ ಯಾರೋ "ದೊಡ್ಡ ಗಾಡಿ ಬೆಳಗ್ಗೆ ಒಂದೇ ಸಲ ತಾನೇ ಬರೋದು, ಆಗ ಕಾರ್ ತೆಗೆದ್ರೆ ಸಾಕು" ಅಂತಾರೆ. ನೀರಿನ ಸುಳಿವು ಪಾರ್ಕಿಂಗ್ ಜಗಳದಲ್ಲಿ ಕೂತಿತ್ತು. ಆದ್ರೆ ಒಂದು ಒಪ್ಕೊಳ್ತೀನಿ, ಸೆಕ್ರೆಟರಿ ಲೆಕ್ಕ 6 ಸಾವಿರದ್ದು ಅನ್ನೋದು ಟ್ರಾನ್ಸ್‌ಕ್ರಿಪ್ಟಲ್ಲಿ ಎಲ್ಲೂ ಇರ್ಲಿಲ್ಲ, ಅದಕ್ಕೆ ಒಂದು ಫೋನ್ ಮಾಡ್ಲೇಬೇಕಾಯ್ತು. ಟ್ರಾನ್ಸ್‌ಕ್ರಿಪ್ಟಿಂದ ಇಲ್ಲೇನೋ ತಾಳೆ ಆಗ್ತಿಲ್ಲ ಅಂತ ಗೊತ್ತಾಗುತ್ತೆ, ಯಾಕೆ ಅಂತ ಪ್ರತಿ ಸಲ ಗೊತ್ತಾಗಲ್ಲ.

ಇನ್ನು "ಯಾರೂ ಎದುರು ಮಾತಾಡ್ಲಿಲ್ಲ ಅಂದ್ರೆ ಒಪ್ಕೊಂಡ್ರು ಅಂತ ತಾನೇ" ಅನ್ನೋರಿಗೆ. 47ನೇ ನಿಮಿಷದಲ್ಲಿ ಸೆಕ್ರೆಟರಿ ಹೇಳಿದ್ದು ನೋಡಿ: "ಒಂದ್ನಿಮಿಷ, ಲಿಫ್ಟಿನವನು ಬಂದಿದಾನೆ, ಬರ್ತೀನಿ." ಅದಾದ್ಮೇಲೆ ಅವರದ್ದು ಒಂದು ಸಾಲೂ ಇಲ್ಲ. ಸೂಪರ್‌ವೈಸರ್ "ಮೂರು ಗಾಡಿ" ಅಂದಾಗ ಮನುಷ್ಯ ರೂಮಲ್ಲೇ ಇಲ್ಲ. ಒಬ್ರು ಹೇಳಿದ್ದಕ್ಕೆ ಇನ್ನೊಬ್ರು ಸುಮ್ನಿದ್ರು ಅಂತ ಬರೆಯೋ ಮುಂಚೆ, ಆಮೇಲೆ ಅವರ ಹೆಸರಲ್ಲಿ ಒಂದಾದ್ರೂ ಮಾತು ಇದೆಯಾ ಅಂತ ಹುಡುಕಿ. ಕೊನೆಗೆ ಹೇಳಿದ್ದನ್ನ ತಗೋಬಹುದಾದ ಜಾಗ ಒಂದೇ ಒಂದು, ಒಬ್ಬನೇ ಮನುಷ್ಯ ತನ್ನ ಮಾತನ್ನ ತಾನೇ "ಅಲ್ಲ ಅಲ್ಲ, ನಾನು ಹೇಳಿದ್ದು ತಪ್ಪು" ಅಂತ ತಿದ್ಕೊಂಡಾಗ. ಅದು ತಿದ್ದುಪಡಿ. ಬೇರೆಯವರು ಬೇರೆ ಹೇಳಿದ್ರೆ ಅದು ತಿದ್ದುಪಡಿ ಅಲ್ಲ ಮಾರಾಯ್ರೆ.

ಟ್ಯಾಂಕರ್ ವಿಷಯ ನೋಡೋಕೆ ಜಗಳ, ಒಳಗೆ ಜಗಳ ಇಲ್ಲ. ಅದೇ ಮೀಟಿಂಗಲ್ಲಿ ನಿಜವಾದ ವಿರೋಧ ಇದ್ದಿದ್ದು ಬೋರ್‌ವೆಲ್ ವಿಷಯದಲ್ಲಿ, ಮೇಡಂಗೆ ಅದು ಕಣ್ಣಿಗೇ ಬಿದ್ದಿಲ್ಲ ಯಾಕಂದ್ರೆ ಅಲ್ಲಿ ನಂಬರ್ ಇರ್ಲಿಲ್ಲ. 13ನೇ ನಿಮಿಷ, ಸೆಕ್ರೆಟರಿ: "ಬೋರಿಂದು ತಲೆ ಕೆಡಿಸ್ಕೋಬೇಡಿ, ಮೋಟರ್ ರಿಪೇರಿ ಆಯ್ತಂತೆ." 38ನೇ ನಿಮಿಷ, ಪ್ಲಂಬರ್: "ಮೋಟರ್ ಇಳ್ಸಿದೀವಿ ಸಾರ್, ಪ್ಯಾನಲ್ ಬೋರ್ಡ್ ಬರ್ಬೇಕು, ಇನ್ನೂ ಓಡ್ಸಿ ನೋಡಿಲ್ಲ." ತಕ್ಷಣ ಸೆಕ್ರೆಟರಿ: "ಆಯ್ತು ಆಯ್ತು." ಸಮರಿಲಿ: "ಬೋರ್‌ವೆಲ್ ದುರಸ್ತಿ ಪೂರ್ಣಗೊಂಡಿದೆ."

ಎರಡು ಕಡೆ ಎಡವಿದಾರೆ. ಆ "ಆಯ್ತು ಆಯ್ತು" ಅಂದ್ರೆ ಕೆಲಸ ಮುಗೀತು ಅಂತಲ್ಲ, ಸರಿ ಬಿಡಪ್ಪ ಕೇಳಿಸ್ಕೊಂಡೆ ಅಂತ. ಬಾಯಲ್ಲಿ ಕೇಳಿದ್ರೆ ಯಾರಿಗೂ ಗೊಂದಲ ಆಗಲ್ಲ, ಅಕ್ಷರದಲ್ಲಿ ನೋಡಿದ್ರೆ ಎರಡೂ ಒಂದೇ ಆಯ್ತು. ಇನ್ನೊಂದು, ಮೊದಲನೇ ಮಾತಿನ ಕೊನೆಯ ಆ "ಅಂತೆ". ಅಂತೆ ಅಂದ್ರೆ ನಾನು ನೋಡಿಲ್ಲ, ಯಾರೋ ಹೇಳಿದ್ರು ಅಂತ. ನಮ್ಮ ಭಾಷೆ ಎರಡೇ ಅಕ್ಷರದಲ್ಲಿ ಇಷ್ಟು ನಿಯತ್ತಾಗಿ ಹೇಳ್ತಿರುವಾಗ ಸಮರಿ ಬರೆಯೋರು ಅದನ್ನ ಕಸದ ಥರ ಗುಡಿಸಿ ಹಾಕ್ತಾರೆ. ಸೆಕ್ರೆಟರಿ ಕೇಳಿದ್ದು, ಪ್ಲಂಬರ್ ಕೈಯಾರೆ ಮಾಡಿದ್ದು, ಎರಡೂ ಒಂದೇ ತೂಕ ಅಲ್ಲ.

ಇದರಿಂದ ಆಗಿದ್ದೂ ಸಣ್ಣದಲ್ಲ. ಬೋರ್ ಸರಿ ಹೋಗಿದೆ ಅಂತ ಸಮರಿ ಓದಿ ಕಮಿಟಿಯವರು ಮಂಗಳವಾರದಿಂದ ಒಂದು ಚಿಕ್ಕ ಗಾಡಿ ಬೇಡ ಅಂದ್ರು, ಗುರುವಾರ ಬೆಳಗ್ಗೆ ಏಳೂವರೆಗೆ ಮೇಲಿನ ಫ್ಲೋರುಗಳಲ್ಲಿ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ.

ಹಾಗಾದ್ರೆ ಮಾಡೋದೇನು ಅಂದ್ರೆ, ಸಮರಿಗೆ ಕೈ ಹಾಕೋ ಮುಂಚೆ ಒಂದು ಹಾಳೆಲಿ ನಾಲ್ಕು ಕಾಲಂ ಗೀಚ್ಕೊಳ್ಳಿ. ವಿಷಯ, ಯಾರು ಎಷ್ಟನೇ ನಿಮಿಷದಲ್ಲಿ, ಅವರ ಬಾಯಿಂದ ಬಂದ ಮಾತು ಹಾಗೇ, ಮತ್ತೆ ಅವರಿಗೆ ಹೇಗೆ ಗೊತ್ತು ಅನ್ನೋದು. ಮೂರನೇ ಕಾಲಂ ಅನ್ನ ನಿಮ್ಮ ಭಾಷೆಗೆ ತಿರುಗಿಸ್ಬೇಡಿ, ಲೋಡ್ ಅಂದಿದ್ರೆ ಲೋಡ್, ಗಾಡಿ ಅಂದಿದ್ರೆ ಗಾಡಿ, "ಟ್ಯಾಂಕರ್" ಅಂತ ನೀವು ಒಂದೇ ಮಾಡಿದ ಕ್ಷಣಕ್ಕೆ ಸುಳಿವು ಸತ್ತೋಗುತ್ತೆ. ನಾಲ್ಕನೇದರಲ್ಲಿ "ಬಿಲ್ ನೋಡಿ", "ಕಣ್ಣಾರೆ", "ಅಂತೆ" ಅಂತ ಒಂದೊಂದು ಪದ ಸಾಕು. ಆಮೇಲೆ ಮೀಟಿಂಗಿನ ಕ್ರಮ ಮರೆತು ವಿಷಯದ ಪ್ರಕಾರ ಜೋಡಿಸಿ, 13ನೇ ನಿಮಿಷದ ಮಾತು 38ರ ಪಕ್ಕ ಬಂದು ಕೂತಾಗ ವಿರೋಧ ತಾನಾಗೇ ಕಾಣುತ್ತೆ. ಸಾಲಾಗಿ ಓದ್ಕೊಂಡು ಹೋದ್ರೆ 25 ನಿಮಿಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತೆ.

ಎರಡು ಮಾತು ಎದುರುಬದುರು ಅನ್ನಿಸಿದ್ರೆ ಮೊದ್ಲು ಆಡಿಯೋ ಕೇಳಿ, ಟ್ರಾನ್ಸ್‌ಕ್ರಿಪ್ಟನ್ನ ಪೂರ್ತಿ ನಂಬ್ಬೇಡಿ. "ಬಂತಲ್ಲ" ಅಂದಿದ್ದನ್ನ "ಬಂದಿಲ್ಲ" ಅಂತ ಟೈಪ್ ಮಾಡಿದ್ದು ನಾನೇ ನೋಡಿದೀನಿ, ಅರ್ಥ ಪೂರಾ ಉಲ್ಟಾ. "ಒಂದೂವರೆ" ಅನ್ನೋದು "ಒಂದ್ ವಾರ" ಆಗಿರುತ್ತೆ. ಸೆಕ್ಯುರಿಟಿಯವರು ಹಿಂದಿಲಿ "ಕಲ್" ಅಂದ್ರೆ ನಿನ್ನೆನೂ ಹೌದು ನಾಳೆನೂ ಹೌದು, ಕ್ರಿಯಾಪದ ನುಂಗಿದ್ರೆ ದೇವರೇ ಗತಿ.

ಆಡಿಯೋ ಕೇಳಿ, ಫೋನ್ ಮಾಡಿ, ಆದ್ಮೇಲೂ ವಿರೋಧ ಉಳಿದ್ರೆ ನೀವು ಜಡ್ಜ್ ಆಗ್ಬೇಡಿ, ಹಾಗೇ ಬರೀರಿ. ಆ ಸಾಲನ್ನ ನಾನು ಹೀಗೆ ತಿದ್ದಿಕೊಟ್ಟೆ: "ಮೋಟರ್ ರಿಪೇರಿ ಆಗಿದೆ ಎಂದು ಕೇಳಿರುವುದಾಗಿ ಸೆಕ್ರೆಟರಿ ಹೇಳಿದರು. ಮೋಟರ್ ಇಳಿಸಿದೆ, ಪ್ಯಾನಲ್ ಬೋರ್ಡ್ ಬಂದಿಲ್ಲ, ಓಡಿಸಿ ನೋಡಿಲ್ಲ ಎಂದು ಪ್ಲಂಬರ್ ಹೇಳಿದರು. ಬೋರ್ ಯಾವತ್ತಿಂದ ಸಿಗುತ್ತದೆ ಎಂಬುದು ಮೀಟಿಂಗಲ್ಲಿ ತೀರ್ಮಾನ ಆಗಿಲ್ಲ." ಮೂರು ಸಾಲು. ಟ್ಯಾಂಕರಿಗೆ ಒಂದೇ ಸಾಲು, ದಿನಕ್ಕೆ ಒಟ್ಟು 24 ಸಾವಿರ ಲೀಟರ್, ದೊಡ್ಡದು ಒಂದು ಚಿಕ್ಕದು ಎರಡು, ಇದು ಮೀಟಿಂಗ್ ಆದಮೇಲೆ ಫೋನಲ್ಲಿ ಖಚಿತ ಮಾಡ್ಕೊಂಡಿದ್ದು ಅಂತ ಸೇರಿಸಿ. ಆ ಕೊನೆಯ ಭಾಗ ಬಿಡ್ಬೇಡಿ, ಮೀಟಿಂಗಲ್ಲಿ ಯಾರೂ 24 ಸಾವಿರ ಅಂದೇ ಇಲ್ಲ.

ಯಾರೂ ಕೇಳಿಲ್ಲ, ಆದ್ರೂ ಬಂದಿದ್ದಕ್ಕೆ ಹೇಳ್ಬಿಡ್ತೀನಿ, ಈ "ತೀರ್ಮಾನಿಸಲಾಯಿತು", "ಚರ್ಚಿಸಲಾಯಿತು" ಅನ್ನೋ ಲಾಯಿತು ಕಾಯಿಲೆ. ಮಿನಿಟ್ಸ್ ಅಂದ್ರೆ ಗ್ರಾಂಥಿಕವಾಗೇ ಇರ್ಬೇಕು ಅಂತ ಯಾರು ಹೇಳ್ಕೊಟ್ರೋ. ಲಾಯಿತು ಬಂದ ತಕ್ಷಣ ಹೇಳಿದೋರು ಯಾರು ಅನ್ನೋದು ಮಾಯ, ಯಾರು ಅನ್ನೋದು ಹೋದ್ಮೇಲೆ ಎರಡು ಬಾಯಿಯ ಎರಡು ಮಾತು ಒಂದೇ ಬಾಯಿಯದ್ದಾಗಿ ಕಾಣುತ್ತೆ. "ಅಂತೆ"ಗಂತೂ ಗ್ರಾಂಥಿಕದಲ್ಲಿ ಜಾಗವೇ ಸಿಗಲ್ಲ, "ತಿಳಿದುಬಂದಿದೆ" ಅಂತ ಹಾಕಿದ್ರೆ ಯಾರಿಗೆ ತಿಳಿದುಬಂತು ಅಂತ ಮತ್ತೆ ಹುಡುಕ್ಬೇಕು. "ಸೆಕ್ರೆಟರಿ ಹೇಳಿದರು" ಅಂತ ಸೀದಾ ಬರೆದ್ರೆ ಏನು ಗಂಟು ಹೋಗುತ್ತೆ?

ತಿದ್ದಿದ ಸಮರಿ ಗ್ರೂಪಿಗೆ ಹೋದ್ಮೇಲೆ ಸೆಕ್ರೆಟರಿಯವರ ರಿಪ್ಲೈ ಬಂತಂತೆ, ನಾನು ರಿಪೇರಿ ಆಯ್ತು ಅಂತ್ಲೇ ಹೇಳಿದ್ದು, ಕೇಳಿದೀನಿ ಗೀಳಿದೀನಿ ಅಂತ ಎಲ್ಲಿ ಅಂದೆ ಅಂತ. ಮೇಡಂ ಬೇರೇನೂ ಬರೀದೆ 13ನೇ ನಿಮಿಷದ ಆಡಿಯೋ ತುಂಡೊಂದನ್ನ ಕಟ್ ಮಾಡಿ ಹಾಕಿದಾರೆ, ಏಳು ಸೆಕೆಂಡಿಂದು.