ದತ್ತು ಮೊದಲೋ, ಸಾವು ಮೊದಲೋ?

ದತ್ತು ಮಗುವಿಗೂ ಹೆತ್ತ ಮಗುವಿಗೂ ಆಸ್ತಿಯಲ್ಲಿ ಸಮಪಾಲು ಇದೆಯೇ ಎಂದು ಕೇಳಿಕೊಂಡು ಬರುವ ಕಕ್ಷಿದಾರರಿಂದ ನಾನು ಮೊದಲು ತಿಳಿದುಕೊಳ್ಳುವುದು ಎರಡು ದಿನಾಂಕಗಳನ್ನು: ದತ್ತು ನಡೆದದ್ದು ಯಾವಾಗ, ಆಸ್ತಿಯ ಒಡೆಯರು ತೀರಿಕೊಂಡದ್ದು ಯಾವಾಗ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಗು ದತ್ತುವಾದ ದಿನದಿಂದ ಎಲ್ಲ ಅರ್ಥದಲ್ಲೂ ಆ ಮನೆಯ ಮಗುವಾಗುತ್ತದೆ; ಆದ್ದರಿಂದ ದತ್ತು ತೆಗೆದುಕೊಂಡವರು ಆಮೇಲೆ ಉಯಿಲು ಬರೆಯದೆ ತೀರಿಕೊಂಡರೆ ಹೆತ್ತ ಮಕ್ಕಳಿಗಿರುವಷ್ಟೇ ಪಾಲು ಅದಕ್ಕೂ ಸಿಗುತ್ತದೆ. ಸಾವು ಮೊದಲು, ದತ್ತು ಆಮೇಲೆ ಆದಾಗಲೇ ತೊಡಕು.

ಒಂದು ಉದಾಹರಣೆ ನೋಡೋಣ. ನಾಲ್ಕು ಎಕರೆ ಸ್ವಯಾರ್ಜಿತ ಜಮೀನಿದ್ದ ಒಬ್ಬರು ಮಕ್ಕಳಿಲ್ಲದೆ, ಉಯಿಲು ಬರೆಯದೆ ತೀರಿಕೊಂಡರು. ತಾಯಿಯೂ ಹೆಂಡತಿಯೂ ಮೊದಲ ವರ್ಗದ ವಾರಸುದಾರರಾದ್ದರಿಂದ ಅಂದೇ ತಲಾ ಎರಡು ಎಕರೆ ಇಬ್ಬರ ಪಾಲಾಯಿತು. ಮೂರು ವರ್ಷಗಳ ನಂತರ ಹೆಂಡತಿ ಐದು ವರ್ಷದ ಹುಡುಗನನ್ನು ದತ್ತು ತೆಗೆದುಕೊಂಡು, ತಂದೆಯ ಜಮೀನಿನಲ್ಲಿ ಮಗನಿಗೂ ಪಾಲು ಬೇಕು, ಅತ್ತೆಯ ಪಾಲು ಕಡಿಮೆಯಾಗಬೇಕು ಎಂದರು. ಹಾಗಾಗುವುದಿಲ್ಲ, ದತ್ತುವಿಗೆ ಮುಂಚೆ ಒಬ್ಬರಿಗೆ ಸೇರಿಹೋದ ಆಸ್ತಿಯನ್ನು ದತ್ತು ಮಗು ಅವರಿಂದ ಕಸಿಯುವಂತಿಲ್ಲ ಎಂದು ಅದೇ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಗಂಡ ತೀರಿಕೊಂಡಾಗ ಆಕೆ ಗರ್ಭಿಣಿಯಾಗಿದ್ದು ಮಗು ಜೀವಂತ ಹುಟ್ಟಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಹೊಟ್ಟೆಯಲ್ಲಿದ್ದ ಮಗುವನ್ನು ತಂದೆಯ ಸಾವಿಗೆ ಮುಂಚೆಯೇ ಹುಟ್ಟಿದ್ದೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ಪರಿಗಣಿಸುವುದರಿಂದ ಜಮೀನು ಮೂರು ಪಾಲಾಗಿ, ಒಬ್ಬೊಬ್ಬರಿಗೆ ಒಂದು ಎಕರೆ ಹದಿಮೂರು ಗುಂಟೆಗಿಂತ ತುಸು ಹೆಚ್ಚು ಬರುತ್ತಿತ್ತು. ಹೆತ್ತ ಮಗುವಿಗೂ ದತ್ತು ಮಗುವಿಗೂ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ.

ಹಾಗೆಂದು ಆ ಹುಡುಗ ಬರಿಗೈಯಲ್ಲಿ ಉಳಿಯುವುದಿಲ್ಲ. ವಿಧವೆ ತೆಗೆದುಕೊಂಡ ದತ್ತು ಮಗ ತೀರಿಕೊಂಡ ಗಂಡನಿಗೂ ಮಗನೇ ಎಂದು ಸುಪ್ರೀಂ ಕೋರ್ಟ್ 1967ರ ಸಾವನ್ ರಾಮ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಅಜ್ಜಿ ಉಯಿಲು ಬರೆಯದೆ ತೀರಿಕೊಂಡರೆ, ಮೊದಲೇ ತೀರಿಹೋದ ಮಗನ ಮಗನಾಗಿ ಆತ ಆಕೆಯ ಉಳಿದ ಮಕ್ಕಳ ಜೊತೆ ವಾರಸುದಾರನಾಗಿ ನಿಲ್ಲಬಲ್ಲ. ತಾಯಿಯ ಎರಡು ಎಕರೆಗೂ ಆತ ವಾರಸುದಾರ, ಆದರೆ ಆಕೆ ಬದುಕಿರುವಾಗ ಅದನ್ನು ಮಾರಲು ಅಥವಾ ಬೇರೆಯವರಿಗೆ ಉಯಿಲು ಮಾಡಲು ಸ್ವತಂತ್ರಳು. ಈ ವಿಷಯದಲ್ಲಿ ಹೆತ್ತ ಮಗನ ಸ್ಥಿತಿಯೂ ಇದೇ.

ದಿನಾಂಕ ಇಷ್ಟು ಮುಖ್ಯವಾಗಿರುವುದರಿಂದ ದತ್ತಕ ಪತ್ರ ಬರೆಸುವವರು ಒಂದು ಮಾತನ್ನು ಗಮನಿಸಬೇಕು. ದತ್ತು ಪೂರ್ಣವಾಗುವುದು ಹೆತ್ತವರು ಮಗುವನ್ನು ಕೊಟ್ಟು ಇವರು ತೆಗೆದುಕೊಂಡ ದಿನವೇ ಹೊರತು ಪತ್ರ ನೋಂದಣಿಯಾದ ದಿನವಲ್ಲ. ಪತ್ರವನ್ನು ತಿಂಗಳುಗಳ ನಂತರ ನೋಂದಾಯಿಸಿ, ಕೊಟ್ಟು ತೆಗೆದುಕೊಂಡ ದಿನವನ್ನು ಬರೆಯದೆ ಬಿಟ್ಟರೆ, ಆ ನಡುವೆ ಯಾರಾದರೂ ತೀರಿಕೊಂಡಾಗ ಮಗು ಸಾಕ್ಷಿಗಳನ್ನು ಹುಡುಕಿಕೊಂಡು ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ. ಆದ್ದರಿಂದ ಪತ್ರದಲ್ಲಿ ಆ ದಿನವನ್ನೂ ಸ್ಥಳವನ್ನೂ ಅಲ್ಲಿದ್ದವರ ಹೆಸರುಗಳನ್ನೂ ಬರೆಸಿ, ಕೊಟ್ಟವರು ಮತ್ತು ತೆಗೆದುಕೊಂಡವರು ಇಬ್ಬರಿಂದಲೂ ಸಹಿ ಮಾಡಿಸಬೇಕು.