‘ಜೀವಮಾನ ಮೌಲ್ಯ’ ಮತ್ತು ಅಸಲು ಹುಟ್ಟುವ ಅವಧಿ

ಕಲಬುರಗಿಯಲ್ಲಿ ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಕಳೆದ ಎರಡು ವರ್ಷಗಳಲ್ಲಿ ಅತಿ ಹೆಚ್ಚು ಕೇಳಿಸಿದ ಪದ ‘ಲೈಫ್‌ಟೈಮ್ ವ್ಯಾಲ್ಯೂ’, ಅಂದರೆ ಗಿರಾಕಿಯ ‘ಜೀವಮಾನ ಮೌಲ್ಯ’. ಅತಿ ಹೆಚ್ಚು ತಪ್ಪಾಗಿ ಬಳಕೆಯಾದ ಪದವೂ ಅದೇ. ಮೊನ್ನೆ ಜೋಳದ ರೊಟ್ಟಿ ಕೇಂದ್ರವೊಂದನ್ನು ನಡೆಸುವ ಹೆಣ್ಣುಮಗಳೊಬ್ಬರು ತಮ್ಮ ಲೆಕ್ಕದ ಹಾಳೆಯನ್ನು ನನ್ನ ಮುಂದಿಟ್ಟು, “ಹನ್ನೊಂದು ಪಟ್ಟು ಬರ್ಲಾಕತ್ತದರಿ ಸರ, ಇನ್ನ ಯಾಕ ಅಂಜಬೇಕು?” ಎಂದು ಕೇಳಿದರು. ಅವರ ಕೂಡಿಸುವಿಕೆ, ಗುಣಾಕಾರ ಎಲ್ಲವೂ ಸರಿಯಿದ್ದವು. ತಪ್ಪು ಇದ್ದದ್ದು ‘ಮೌಲ್ಯ’ ಎಂಬ ಪದಕ್ಕೆ ಅವರು ಹಚ್ಚಿದ ಅರ್ಥದಲ್ಲಿ.

ಅವರ ಒಬ್ಬ ಗಿರಾಕಿ ದಿನಕ್ಕೆ 5ರಂತೆ ತಿಂಗಳಿಗೆ 150 ರೊಟ್ಟಿಗಳನ್ನು ತಲಾ 6 ರೂಪಾಯಿಗೆ ಕೊಳ್ಳುತ್ತಾನೆ, ಅಂದರೆ ತಿಂಗಳಿಗೆ 900 ರೂಪಾಯಿ ಕೊಡುತ್ತಾನೆ. ಪ್ರತಿ ತಿಂಗಳು ನೂರರಲ್ಲಿ 8 ಗಿರಾಕಿಗಳು ಬಿಟ್ಟುಹೋಗುತ್ತಾರೆ. ಹಾಗಿದ್ದಾಗ ಒಬ್ಬ ಗಿರಾಕಿ ಸರಾಸರಿ ಹನ್ನೆರಡೂವರೆ ತಿಂಗಳು ಉಳಿಯುತ್ತಾನೆ, ಏಕೆಂದರೆ 1ನ್ನು 0.08ರಿಂದ ಭಾಗಿಸಿದರೆ 12.5 ಬರುತ್ತದೆ. ಅವರು 900ನ್ನು 12.5ರಿಂದ ಗುಣಿಸಿ ಗಿರಾಕಿಯ ಜೀವಮಾನ ಮೌಲ್ಯ 11,250 ರೂಪಾಯಿ ಎಂದು ಬರೆದಿದ್ದರು. ಒಬ್ಬ ಹೊಸ ಗಿರಾಕಿಯನ್ನು ಹಿಡಿಯಲು 1,000 ರೂಪಾಯಿ ಬೀಳುತ್ತದೆ. ಆದ್ದರಿಂದ ಹನ್ನೊಂದು ಪಟ್ಟು.

ಇಲ್ಲಿ ಪದದ ಬೇರಿಗೆ ಹೋಗಬೇಕು. ‘ಮೌಲ್ಯ’ಕ್ಕೆ ಆಧಾರವಾದ ‘ಮೂಲ್ಯ’ ಹುಟ್ಟಿದ್ದು ‘ಮೂಲ’ದಿಂದ, ಮೂಲವೆಂದರೆ ಬೇರು, ವ್ಯಾಪಾರದಲ್ಲಿ ಹಾಕಿದ ಬಂಡವಾಳ. ಅದೇ ಅರ್ಥವನ್ನು ನಮ್ಮ ಪೇಟೆಯಲ್ಲಿ ಹೊರುವ ಇನ್ನೊಂದು ಪದ ‘ಅಸಲು’. ಅರಬ್ಬಿಯಲ್ಲಿ ‘ಅಸ್ಲ್’ ಎಂದರೂ ಬೇರು ಎಂದೇ ಅರ್ಥ. ಎರಡು ಬೇರೆ ಬೇರೆ ಭಾಷೆಗಳ ಬೇರುಗಳು ನಮ್ಮ ಒಂದೇ ಖಾತೆಪುಸ್ತಕದಲ್ಲಿ ಕೂಡಿಕೊಂಡಿವೆ. ಹಳೆಯ ವರ್ತಕರು ಗಲ್ಲಾದಲ್ಲಿ ಬಿದ್ದ ರೊಕ್ಕವನ್ನು ಎಂದೂ ಗಳಿಕೆ ಎನ್ನುತ್ತಿರಲಿಲ್ಲ. ಮೊದಲು ‘ಅಸಲು ಹುಟ್ಟಿತೇ?’ ಎಂದು ಕೇಳಿ, ಅದನ್ನು ತೆಗೆದಿಟ್ಟು, ಮಿಕ್ಕಿದ್ದನ್ನು ಮಾತ್ರ ‘ಉಳಿಕೆ’ ಎನ್ನುತ್ತಿದ್ದರು. ಗಿರಾಕಿಯ ಜೀವಮಾನ ಮೌಲ್ಯ ಎಂದರೆ ಆ ಗಿರಾಕಿ ನಮ್ಮೊಂದಿಗಿರುವಷ್ಟು ಕಾಲ ನಮಗೆ ಬಿಡುವ ಒಟ್ಟು ಉಳಿಕೆ. ಅವನು ಕೊಟ್ಟ ಒಟ್ಟು ಹಣ ಅಲ್ಲವೇ ಅಲ್ಲ. ಪದವನ್ನು ಇಂಗ್ಲಿಷಿನಿಂದ ತಂದುಕೊಂಡವರು ಈ ವ್ಯತ್ಯಾಸವನ್ನು ಬಿಟ್ಟು ಬಂದಿದ್ದಾರೆ ಎಂಬುದೇ ನನ್ನ ಬೇಸರ, ಏಕೆಂದರೆ ಆ ವ್ಯತ್ಯಾಸ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಇತ್ತು.

‘ಜೀವಮಾನ’ವೂ ಅಷ್ಟೇ ಗೊಂದಲದ ಪದ. ಇಲ್ಲಿ ಜೀವ ಇರುವುದು ಗಿರಾಕಿಗೂ ಅಂಗಡಿಗೂ ನಡುವಿನ ವ್ಯವಹಾರಕ್ಕೆ. ‘ನಮ್ಮ ಗಿರಾಕಿ ಹತ್ತು ವರ್ಷ ಎಲ್ಲೂ ಹೋಗುವುದಿಲ್ಲ’ ಎಂದು ಹೇಳುವವರು ತಮ್ಮ ಹಳೆಯ, ಅಚ್ಚುಮೆಚ್ಚಿನ ನಾಲ್ಕು ಮನೆಗಳನ್ನು ನೆನಪಿಸಿಕೊಳ್ಳುತ್ತಿರುತ್ತಾರೆಯೇ ಹೊರತು ಮೂರನೆಯ ತಿಂಗಳಿಗೇ ಬಿಟ್ಟುಹೋದ ನಲವತ್ತು ಮನೆಗಳನ್ನಲ್ಲ. (‘ಗಿರಾಕಿ’ ಎಂಬುದು ‘ಗ್ರಾಹಕ’ದ ರೂಪವೇ, ದಕ್ಷಿಣದ ಕೆಲವೆಡೆ ಅದಕ್ಕೆ ಹಗುರವಾದ ಅರ್ಥವಿದ್ದರೂ ನಮ್ಮ ಕಡೆ ಅದು ಗೌರವದ ಪದ, ಆದ್ದರಿಂದ ಅದನ್ನೇ ಬಳಸುತ್ತಿದ್ದೇನೆ.)

ಈಗ ಅದೇ ಹಾಳೆಯನ್ನು ಉಳಿಕೆಯ ಮೇಲೆ ಬರೆಯೋಣ. 900 ರೂಪಾಯಿಯಲ್ಲಿ ಜೋಳಕ್ಕೂ ಬೀಸುವುದಕ್ಕೂ 300, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿಗೆ 210, ಗ್ಯಾಸಿಗೆ 50, ಪೊಟ್ಟಣ ಕಟ್ಟಿ ಮನೆಗೆ ಮುಟ್ಟಿಸುವುದಕ್ಕೆ 100 ಹೋಗಿ 240 ರೂಪಾಯಿ ಉಳಿಯುತ್ತದೆ. ಅದನ್ನು 12.5ರಿಂದ ಗುಣಿಸಿದರೆ 3,000. ಹಿಡಿಯುವ ಖರ್ಚನ್ನು ಅವರು ಸರಿಯಾಗಿಯೇ ಹಾಕಿದ್ದರು: ಕರಪತ್ರ, ಬಿಟ್ಟಿ ಕೊಟ್ಟ ರುಚಿಯ ಪೊಟ್ಟಣ, ಮೊದಲ ತಿಂಗಳ ರಿಯಾಯಿತಿ, ಮನೆಮನೆಗೆ ತಿರುಗುವ ಹುಡುಗನ ಸಂಬಳ ಎಲ್ಲ ಸೇರಿ ತಿಂಗಳಿಗೆ 60,000 ಖರ್ಚು, 60 ಹೊಸ ಗಿರಾಕಿಗಳು. ಹೀಗೆ ಹನ್ನೊಂದು ಪಟ್ಟು ಎಂದದ್ದು ಮೂರು ಪಟ್ಟಿಗೆ ಇಳಿಯಿತು.

ಮೂರು ಪಟ್ಟು ಸಾಕಲ್ಲವೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಮೌಲ್ಯವು ಹಿಡಿಯುವ ಖರ್ಚಿನ ಮೂರು ಪಟ್ಟಿಗಿಂತ ಹೆಚ್ಚಿರಬೇಕು, ಆ ಖರ್ಚು ಹನ್ನೆರಡು ತಿಂಗಳೊಳಗೆ ಮರಳಬೇಕು ಎಂಬುದು ಅಮೆರಿಕದ ಹೂಡಿಕೆದಾರ ಡೇವಿಡ್ ಸ್ಕಾಕ್ ಅವರು ಚಂದಾ ಆಧಾರಿತ ಸಾಫ್ಟ್‌ವೇರ್ ಕಂಪನಿಗಳಿಗಾಗಿ ಪ್ರಚಾರಕ್ಕೆ ತಂದ ಅಳತೆ. ಒಂದು ಪಟ್ಟು ಅಸಲಿಗೆ ಹೋದರೆ, ಉಳಿದದ್ದರಲ್ಲಿ ಬಾಡಿಗೆ, ಬಡ್ಡಿ, ಕಚೇರಿಯ ಸಂಬಳಗಳನ್ನು ತೆತ್ತು ಲಾಭವನ್ನೂ ಕಾಣಬೇಕಾಗುತ್ತದೆ. ಆ ಕಾರಣಕ್ಕೆ ಮೂರು ಒಂದು ಹದವಾದ ಸಂಖ್ಯೆ. ಆದರೆ ಆ ಕಂಪನಿಗಳ ಬೆನ್ನಿಗೆ ಸಾಮಾನ್ಯವಾಗಿ ಹೂಡಿಕೆದಾರರ ಹಣವಿರುತ್ತದೆ. ಒಂದು ವರ್ಷ ಕಾಯುವುದು ಅವರಿಗೆ ಸಾಧ್ಯ. ನಮ್ಮ ರೊಟ್ಟಿ ಕೇಂದ್ರಕ್ಕೆ ಕಾಯುವ ಶಕ್ತಿ ಎಷ್ಟಿದೆ ಎಂಬುದನ್ನು ಅನುಪಾತ ಹೇಳುವುದೇ ಇಲ್ಲ. ಅದಕ್ಕಾಗಿಯೇ ಇರುವುದು ಎರಡನೆಯ ಅಳತೆ, ‘ಪೇಬ್ಯಾಕ್’, ಅಂದರೆ ಗಿರಾಕಿಯನ್ನು ಹಿಡಿಯಲು ಹಾಕಿದ ಖರ್ಚು ಮರಳಲು ಬೇಕಾಗುವ ಕಾಲ. ಮರುಪಾವತಿ ಅವಧಿ ಎಂಬ ಅನುವಾದ ಸಾಲದ ಕಂತನ್ನು ನೆನಪಿಸುವುದರಿಂದ ನಾನು ಅದನ್ನು ‘ಅಸಲು ಹುಟ್ಟುವ ಅವಧಿ’ ಎನ್ನುತ್ತೇನೆ.

ಇದನ್ನು 1,000 ಭಾಗಿಸು 240, ಅಂದರೆ ನಾಲ್ಕು ತಿಂಗಳು ಚಿಲ್ಲರೆ ಎಂದು ಎಲ್ಲರೂ ಹೇಳಿಬಿಡುತ್ತಾರೆ. ಅದು ಯಾವ ಗಿರಾಕಿಯೂ ಬಿಟ್ಟುಹೋಗದ ಊರಿನ ಲೆಕ್ಕ. ಆ ಹೆಣ್ಣುಮಗಳ ನೋಟ್‌ಬುಕ್ಕಿನಲ್ಲಿ ಒಂದು ತಿಂಗಳು ಸೇರಿದ 60 ಹೆಸರುಗಳು ಒಂದೇ ಪುಟದಲ್ಲಿವೆ. ಬಿಟ್ಟವರ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿದೆ. ಎರಡನೆಯ ತಿಂಗಳು ಗೆರೆಯಿಲ್ಲದವರು 55, ಮೂರನೆಯ ತಿಂಗಳು 51, ಆಮೇಲೆ 47, ಆಮೇಲೆ 43. ಉಳಿದವರು ಕೊಟ್ಟ ಉಳಿಕೆಯನ್ನಷ್ಟೇ ಕೂಡಿಸುತ್ತ ಹೋದರೆ 60,000 ತುಂಬುವುದು ಐದನೆಯ ತಿಂಗಳ ಕೊನೆಯ ಹೊತ್ತಿಗೆ. ವ್ಯತ್ಯಾಸ ಸಣ್ಣದು ಎನಿಸಬಹುದು, ಆದರೆ ಅವಧಿ ಉದ್ದವಾದಷ್ಟೂ ಈ ತಪ್ಪು ಬೆಳೆಯುತ್ತದೆ. ಈ ಪುಟವಿಲ್ಲದೆ ಬರೀ ಸೂತ್ರದಿಂದ ಲೆಕ್ಕ ಹಾಕುವವರಿಗೆ ಮೊದಲ ಎರಡು ತಿಂಗಳಲ್ಲೇ ಹೆಚ್ಚು ಜನ ಬಿಟ್ಟುಹೋಗುವಂಥ ವ್ಯಾಪಾರದಲ್ಲಿ ಅದು ಕಾಣಿಸುವುದೂ ಇಲ್ಲ.

ಅಸಲು ಹುಟ್ಟುವವರೆಗೆ ರೊಕ್ಕ ಎಲ್ಲಿಂದ ಬರಬೇಕು? ತಿಂಗಳಿಗೆ 60,000 ಖರ್ಚು ಮಾಡುತ್ತ ಹೋದರೆ ಮೊದಲ ತಿಂಗಳ ಹೊಸ ಗಿರಾಕಿಗಳಿಂದ ಮರಳುವುದು 14,400 ಮಾತ್ರ; ಕೈಯಿಂದ 45,600 ಹೋಗುತ್ತದೆ. ಎರಡನೆಯ ತಿಂಗಳು ಎರಡು ತಂಡಗಳ ಉಳಿಕೆ ಬರುವುದರಿಂದ ಕೊರತೆ ಕಡಿಮೆ, ಮೂರನೆಯ ತಿಂಗಳು ಇನ್ನೂ ಕಡಿಮೆ. ನಾಲ್ಕನೆಯ ತಿಂಗಳ ಕೊನೆಗೆ ಈ ಕೊರತೆಗಳೆಲ್ಲ ಕೂಡಿದ ತಗ್ಗು ಸುಮಾರು 1,07,000 ರೂಪಾಯಿ ಆಳಕ್ಕೆ ಹೋಗಿ, ಐದನೆಯ ತಿಂಗಳಿನಿಂದ ಮೇಲೇಳುತ್ತದೆ. ಬೆಳವಣಿಗೆಯ ಖರ್ಚು ಸುರಕ್ಷಿತವೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ತಗ್ಗಿನಲ್ಲಿ: ಅದು ನಮ್ಮ ಬಿಡುವಿನ ಹಣಕ್ಕಿಂತ ಕಡಿಮೆ ಇರಬೇಕು.

ಅಕ್ಟೋಬರಿನಲ್ಲಿ ಅವರ ಕೈಯಲ್ಲಿದ್ದದ್ದು ಐದು ಲಕ್ಷ. ಹಾಗೆಂದು ಐದು ಲಕ್ಷವೂ ಬಿಡುವಿನ ಹಣವಲ್ಲ. ನಮ್ಮ ಕಡೆ ಹಿಂಗಾರಿ ಬಿಳಿಜೋಳ ಮಾರುಕಟ್ಟೆಗೆ ಬರುವುದು ಫೆಬ್ರುವರಿ, ಮಾರ್ಚಿನಲ್ಲಿ. ಹೊಸ ಜೋಳವನ್ನು ಸುಗ್ಗಿಯಲ್ಲೇ ಕೊಂಡಿಡದಿದ್ದರೆ ಮುಂದೆ ಸಿಕ್ಕ ದರಕ್ಕೆ ತೆಗೆದುಕೊಳ್ಳಬೇಕಾಗಿ ಆ 240ರ ಉಳಿಕೆಯೇ ಕರಗುತ್ತದೆ. ಹಳೆಯ ಗಿರಾಕಿಗಳಿಗಾಗಿ ನಾಲ್ಕು ತಿಂಗಳ ಜೋಳ ಕೊಳ್ಳಲು ಮೂರೂವರೆ ಲಕ್ಷ ಬೇಕು. ಹಳೆಯ ಗಿರಾಕಿಗಳಿಂದ ಬರುವ ಉಳಿಕೆ ಬಾಡಿಗೆಗೂ ಸಾಲದ ಕಂತಿಗೂ ಮನೆಖರ್ಚಿಗೂ ಸರಿಹೋಗುತ್ತದೆ. ಹಾಗಾಗಿ ನಿಜವಾಗಿ ಬಿಡುವಿರುವುದು ಒಂದೂವರೆ ಲಕ್ಷ, ಅದರಲ್ಲಿ 1,07,000ದ ತಗ್ಗು ಹಿಡಿಸುತ್ತದೆ.

ಅವರು ಕೇಳಲು ಬಂದದ್ದು ಖರ್ಚನ್ನು ಮೂರು ಪಟ್ಟು ಮಾಡಲೇ ಎಂದು. ಹಿಂದೆ ಒಂದು ತಿಂಗಳು ಪ್ರಯೋಗಕ್ಕೆಂದು 1,80,000 ಹಾಕಿದ್ದರು. ಆಗ ಬಂದವರು 180 ಅಲ್ಲ, 120. ಸರಾಸರಿ ಹಿಡಿಯುವ ಖರ್ಚು 1,500, ಅನುಪಾತ ಎರಡು. ‘ಎರಡೂ ಕೆಟ್ಟದ್ದೇನಲ್ಲ’ ಎಂದು ಅವರಿಗೆ ಯಾರೋ ಹೇಳಿದ್ದರು. ಸರಾಸರಿಯನ್ನು ನೋಡುವುದೇ ಇಲ್ಲಿನ ತಪ್ಪು. ಮೊದಲ 60 ಜನ 60,000ಕ್ಕೇ ಬರುತ್ತಿದ್ದವರು. ಹೆಚ್ಚಿಗೆ ಹಾಕಿದ 1,20,000 ತಂದದ್ದು ಉಳಿದ 60 ಜನರನ್ನು ಮಾತ್ರ. ಆ 60 ಜನರಿಗೆ ಬಿದ್ದದ್ದು ತಲಾ 2,000, ಅವರ ಅನುಪಾತ ಒಂದೂವರೆ, ಅವರ ಮೇಲಿನ ಅಸಲು ಹುಟ್ಟುವುದು ಹದಿನಾಲ್ಕನೆಯ ತಿಂಗಳಲ್ಲಿ. ಅದೂ ಅವರು ಹಳಬರಷ್ಟೇ ಕಾಲ ಉಳಿದರೆ. ರಿಯಾಯಿತಿಗಾಗಿಯೇ ಬಂದವರು ತಿಂಗಳಿಗೆ ನೂರಕ್ಕೆ 15ರಂತೆ ಬಿಟ್ಟರೆ ಅವರ ಮೌಲ್ಯ 1,600ಕ್ಕೆ ಇಳಿಯುತ್ತದೆ. ಆಗ ಹಾಕಿದ 2,000 ಎಂದೂ ಹೊಳ್ಳಿ ಬರುವುದಿಲ್ಲ. ಹೊಸ ಖರ್ಚಿನ ತೀರ್ಮಾನಕ್ಕೆ ಬೇಕಾದ ಅನುಪಾತ ಆ ಹೊಸ ಖರ್ಚಿನದ್ದೇ ಆಗಿರಬೇಕು.

ಎಲ್ಲರೂ ಹಳಬರಂತೆಯೇ ಉಳಿದಾರು ಎಂದುಕೊಂಡು ತಿಂಗಳಿಗೆ 1,80,000ದ ತಗ್ಗನ್ನೂ ಅವರೆದುರೇ ಬರೆದೆವು. ಅಕ್ಟೋಬರ್ ಒಂದರಲ್ಲೇ ಕೊರತೆ 1,51,200, ಅಂದರೆ ಬಿಡುವಿನ ಹಣ ಮೊದಲ ತಿಂಗಳಿಗೇ ಮುಗಿಯಿತು. ನವೆಂಬರ್ ಕೊನೆಗೆ ಎರಡೂ ಮುಕ್ಕಾಲು ಲಕ್ಷ. ಫೆಬ್ರುವರಿ ಕೊನೆಗೆ ಐದು ಲಕ್ಷ ಹನ್ನೊಂದು ಸಾವಿರ, ಹೊಸ ಜೋಳದ ಚೀಲಗಳು ಮಾರುಕಟ್ಟೆಗೆ ಇಳಿಯುವ ಹೊತ್ತಿಗೆ ಸರಿಯಾಗಿ. ಆ ತಿಂಗಳೂ ಅವರ ಹಾಳೆಯಲ್ಲಿ ಅನುಪಾತ ಎರಡು ಎಂದೇ ಇರುತ್ತಿತ್ತು. ಹಳೆಯ ರೀತಿಯಲ್ಲಿ ಮಾರಾಟದ ಮೇಲೆ ಬರೆದಿದ್ದರೆ ಏಳೂವರೆ ಪಟ್ಟು.

ಅವರು ಬಹಳ ಹೊತ್ತು ಆ ಹಾಳೆಯನ್ನು ನೋಡಿದರು. ಆಮೇಲೆ ಮೇಲ್ಗಡೆ ಬರೆದಿದ್ದ 11,250ರ ಮೇಲೆ, ಬಿಟ್ಟುಹೋದ ಗಿರಾಕಿಯ ಹೆಸರಿಗೆ ಎಳೆಯುವಂತೆಯೇ, ಕೆಂಪು ಗೆರೆ ಎಳೆದು ಪಕ್ಕದಲ್ಲಿ 3,000 ಎಂದು ಬರೆದುಕೊಂಡರು. ತಿಂಗಳ ಖರ್ಚು ಮಾರ್ಚಿನವರೆಗೆ 60,000ದಲ್ಲೇ ಇರುತ್ತದೆ. ಜೋಳದ ಖರೀದಿ ಮುಗಿದ ಮೇಲೆ 80,000ಕ್ಕೆ ಏರಿಸಿ, ಹೆಚ್ಚಿಗೆ ಹಾಕಿದ ಆ 20,000ಕ್ಕೆ ಬಂದವರ ಹೆಸರುಗಳನ್ನು ಬೇರೆಯೇ ಪುಟದಲ್ಲಿ ಬರೆದಿಡುವುದೆಂದು ಗೊತ್ತುಮಾಡಿದ್ದಾರೆ.