ಸಕ್ಕರೆ ಇದ್ದರೂ ಬೆನೆಡಿಕ್ಟ್ ನೀಲಿಯಾಗೇ ಉಳಿಯುವುದೇಕೆ?

ಪಿಯು ಪ್ರಾಕ್ಟಿಕಲ್‌ಗೆ ಓದುವಾಗ ನನಗೆ ಅತಿ ಹೆಚ್ಚು ತಲೆಬಿಸಿ ಮಾಡಿದ್ದು ಅಡುಗೆಮನೆಯ ಸಕ್ಕರೆ. ಅದರ ನೀರಿಗೆ ಸಕ್ಕರೆ ಪತ್ತೆಗೆ ಬಳಸುವ ನೀಲಿ ಬೆನೆಡಿಕ್ಟ್ ದ್ರಾವಣ ಹಾಕಿ ಐದು ನಿಮಿಷ ಕುದಿಯುವ ನೀರಿನಲ್ಲಿಟ್ಟರೂ ಬಣ್ಣ ಬದಲಾಗುವುದಿಲ್ಲ.

ಬೆನೆಡಿಕ್ಟ್ ಹುಡುಕುವುದು ಸಿಹಿಯನ್ನಲ್ಲ, ತಾಮ್ರವನ್ನು ಅಪಕರ್ಷಿಸುವ ಗುಣವನ್ನು. ಅದರಲ್ಲಿರುವ Cu²⁺ ಅಪಕರ್ಷಣೆಗೊಂಡು ಇಟ್ಟಿಗೆ ಕೆಂಪಿನ Cu₂O ಆಗಿ ತಳಕ್ಕೆ ಕೂರುತ್ತದೆ. ಇದಕ್ಕೆ ಸಕ್ಕರೆ ಅಣುವಿನ ಉಂಗುರ ಬಿಚ್ಚಿಕೊಳ್ಳಬೇಕು. ಗ್ಲೂಕೋಸ್, ಫ್ರಕ್ಟೋಸ್, ಹಾಲಿನ ಲ್ಯಾಕ್ಟೋಸ್‌ಗಳಲ್ಲಿ ಅದು ಆಗುತ್ತದೆ. ಅಡುಗೆಮನೆಯ ಸಕ್ಕರೆಯಾದ ಸುಕ್ರೋಸ್‌ನಲ್ಲಿ ಗ್ಲೂಕೋಸ್‌ನ ಒಂದನೇ ಇಂಗಾಲವೂ ಫ್ರಕ್ಟೋಸ್‌ನ ಎರಡನೇ ಇಂಗಾಲವೂ ಪರಸ್ಪರ ಬಂಧದಲ್ಲೇ ಸಿಕ್ಕಿಕೊಂಡಿವೆ. ಹಾಗಾಗಿ ಎರಡು ಉಂಗುರಗಳೂ ಬಿಚ್ಚಲಾರವು.

ಆ ಬಂಧ ಮುರಿಯಲು 2 ಮಿ.ಲೀ. ಸಕ್ಕರೆ ನೀರಿಗೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೆಲವು ನಿಮಿಷ ಬಿಸಿ ಮಾಡಬೇಕು. ಆಮೇಲಿನ ಹೆಜ್ಜೆಯೇ ಮುಖ್ಯ: ತಣಿಸಿ, ನೊರೆ ಏಳುವುದು ನಿಲ್ಲುವವರೆಗೆ ಸೋಡಿಯಂ ಬೈಕಾರ್ಬನೇಟ್ ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಬೆನೆಡಿಕ್ಟ್ ಕೆಲಸ ಮಾಡುವುದು ಕ್ಷಾರೀಯ ಮಾಧ್ಯಮದಲ್ಲಿ ಮಾತ್ರ. ಉಳಿದ ಆಮ್ಲ ಅದರ ಕಾರ್ಬನೇಟನ್ನೇ ಮುಗಿಸಿಬಿಡುತ್ತದೆ. ಆಗ ಸುಕ್ರೋಸ್ ಒಡೆದು ಗ್ಲೂಕೋಸ್ ಬಂದಿದ್ದರೂ ಪ್ರನಾಳ ನೀಲಿಯಾಗೇ ಕಾಣುತ್ತದೆ, ನಾವು ‘ಸಕ್ಕರೆ ಇಲ್ಲ’ ಎಂದು ಬರೆದುಬಿಡುತ್ತೇವೆ. ನೊರೆ ನಿಂತ ಮೇಲೆ ಒಂದು ಹನಿಯನ್ನು ಕೆಂಪು ಲಿಟ್ಮಸ್‌ಗೆ ಮುಟ್ಟಿಸಿ, ಅದು ನೀಲಿಯಾದರೆ ಮುಂದುವರಿಯಿರಿ.

ಬೆಲ್ಲವನ್ನು ತೆಗೆದುಕೊಳ್ಳಿ. ಅದರಲ್ಲಿ ಸುಕ್ರೋಸ್ ಜೊತೆಗೆ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ, ಆದ್ದರಿಂದ ಆಮ್ಲವಿಲ್ಲದೆಯೇ ಬಣ್ಣ ಬರುತ್ತದೆ. ಬೆಲ್ಲದ ಕಂದು ಬಣ್ಣ ಮೋಸ ಮಾಡದಿರಲೆಂದು ಚೆನ್ನಾಗಿ ತೆಳು ಮಾಡಿ, ಎರಡು ಪ್ರನಾಳಗಳಲ್ಲಿ ಸಮ ಪ್ರಮಾಣ ಹಾಕಿ, ಒಂದನ್ನು ಮಾತ್ರ ಆಮ್ಲದಿಂದ ಒಡೆಯಿರಿ. ಒಡೆಯದ್ದು ಹಸಿರು ಅಥವಾ ಹಳದಿ, ಒಡೆದದ್ದು ಇಟ್ಟಿಗೆ ಕೆಂಪಾದರೆ ಆ ವ್ಯತ್ಯಾಸವೇ ಸುಕ್ರೋಸ್‌ಗೆ ಸಾಕ್ಷಿ. ಎರಡೂ ಮೊದಲೇ ಕಡುಗೆಂಪಾದರೆ ಹೋಲಿಕೆ ಸಾಧ್ಯವಿಲ್ಲ, ಇನ್ನಷ್ಟು ನೀರು ಸೇರಿಸಬೇಕು.

ಪಿಷ್ಟದ ಪರೀಕ್ಷೆ ಸುಲಭ: ಅಯೋಡಿನ್ ಹನಿಗೆ ನೀಲಿಗಪ್ಪು. ಏಲಕ್ಕಿ ಬಾಳೆಯ ಕಾಯಿಯಲ್ಲಿ ಗಾಢವಾಗಿ ಬರುವ ಈ ಬಣ್ಣ ಹಣ್ಣಾದಂತೆ ಮಸುಕಾಗುತ್ತದೆ. ಬೆನೆಡಿಕ್ಟ್ ಬಣ್ಣ ಗಾಢವಾಗುತ್ತದೆ. ಮಾದರಿ ಮಾತ್ರ ತಣ್ಣಗಿರಬೇಕು, ಬಿಸಿಯಲ್ಲಿ ನೀಲಿ ಮಾಯವಾಗುತ್ತದೆ.

ಹಾಲಿನ ವಿಷಯದಲ್ಲಿ ಎರಡು ಉತ್ತರಗಳಿಗೂ ಬೇರೆ ಬೇರೆ ಅರ್ಥ. ಕಾಯಿಸಿ ತಣಿಸಿದ ಹಾಲು ಅಯೋಡಿನ್‌ಗೆ ನೀಲಿಯಾದರೆ ಯಾರೋ ಹಿಟ್ಟು ಬೆರೆಸಿದ್ದಾರೆಂದು ಶಂಕಿಸಬೇಕು, ಏಕೆಂದರೆ ಹಾಲಿನಲ್ಲಿ ಸಹಜವಾಗಿ ಪಿಷ್ಟವಿಲ್ಲ. ಬೆನೆಡಿಕ್ಟ್‌ಗೆ ಕೆಂಪಾದರೆ ಮಾತ್ರ ಕಲಬೆರಕೆ ಎನ್ನುವಂತಿಲ್ಲ, ಅದು ಹಾಲಿನದೇ ಲ್ಯಾಕ್ಟೋಸ್. ಇನ್ನು ನೆಲ್ಲಿಕಾಯಿ ರಸದಲ್ಲಿ ಎರಡೂ ಪರೀಕ್ಷೆಗಳು ದಾರಿ ತಪ್ಪಿಸಬಹುದು: ವಿಟಮಿನ್ ಸಿ ತಾಮ್ರವನ್ನೂ ಅಪಕರ್ಷಿಸುತ್ತದೆ, ಅಯೋಡಿನ್ ಬಣ್ಣವನ್ನೂ ಅಳಿಸುತ್ತದೆ.